ಕಾಣುವ ಮೈ, ಲೆಕ್ಕಕ್ಕೆ ಬರುವ ಮೈ

ಹೊಡೆದಾಟದ ವಿಡಿಯೊ ಗೇಮ್‌ನಲ್ಲಿ ಒಂದು ಪಾತ್ರದ ಒದೆ ಇನ್ನೊಂದಕ್ಕೆ ತಗುಲಿತೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಪರದೆಯ ಮೇಲೆ ಕಾಣುವ ಚಿತ್ರವಲ್ಲ. ಚಿತ್ರದ ಹಿಂದೆ, ಆಟಗಾರನ ಕಣ್ಣಿಗೆ ಬೀಳದಂತೆ, ಪ್ರತಿ ಪಾತ್ರಕ್ಕೂ ಕೆಲವು ಆಯತಗಳನ್ನು ಅಂಟಿಸಿರುತ್ತಾರೆ. ಪಾತ್ರ ನಡೆದರೆ ಅವೂ ನಡೆಯುತ್ತವೆ, ಕೂತರೆ ಕುಗ್ಗುತ್ತವೆ, ಕಾಲು ಚಾಚಿದರೆ ಹೊಸದೊಂದು ಹುಟ್ಟಿ ಕ್ಷಣದಲ್ಲಿ ಮಾಯವಾಗುತ್ತದೆ. ಕಂಪ್ಯೂಟರ್ ನೋಡುವುದು ಈ ಆಯತಗಳನ್ನು ಮಾತ್ರ. ಸ್ನಾಯು, ಬಟ್ಟೆ, ಕೂದಲು, ಮುಖಭಾವ ಇವೆಲ್ಲ ಆಡುವವನಿಗಾಗಿ ಬಿಡಿಸಿದವು.

ಈ ಆಯತಗಳಲ್ಲಿ ಮುಖ್ಯವಾದ ಜಾತಿಗಳು ಎರಡು. ಪೆಟ್ಟು ಕೊಡುವ ಜಾಗವನ್ನು ಗುರುತಿಸುವುದು ಹಿಟ್‌ಬಾಕ್ಸ್, ಪೆಟ್ಟು ತಿನ್ನಬಲ್ಲ ಜಾಗವನ್ನು ಗುರುತಿಸುವುದು ಹರ್ಟ್‌ಬಾಕ್ಸ್. ಸುಮ್ಮನೆ ನಿಂತ ಪಾತ್ರಕ್ಕೆ ಹರ್ಟ್‌ಬಾಕ್ಸ್ ಮಾತ್ರ ಇರುತ್ತದೆ. ತಲೆಗೊಂದು, ಮುಂಡಕ್ಕೊಂದು, ಕಾಲಿಗೊಂದು ಎಂದು ಎರಡು ಮೂರು ಆಯತಗಳು ಸೇರಿ ಮೈಯನ್ನು ಒರಟಾಗಿ ಮುಚ್ಚುತ್ತವೆ. ಗುದ್ದಿದಾಗ ಮುಷ್ಟಿಯ ಸುತ್ತ ಹಿಟ್‌ಬಾಕ್ಸ್ ಕಾಣಿಸಿಕೊಳ್ಳುತ್ತದೆ. ಒಬ್ಬನ ಹಿಟ್‌ಬಾಕ್ಸ್ ಇನ್ನೊಬ್ಬನ ಹರ್ಟ್‌ಬಾಕ್ಸ್‌ನ ಮೇಲೆ ಒಂದು ಪಿಕ್ಸೆಲ್‌ನಷ್ಟು ಬಿದ್ದರೂ ಏಟು ಬಿದ್ದ ಹಾಗೆ. ಹರ್ಟ್‌ಬಾಕ್ಸ್‌ಗೆ ಹರ್ಟ್‌ಬಾಕ್ಸ್ ತಾಗಿದರೆ ಏನೂ ಆಗುವುದಿಲ್ಲ. ಇಬ್ಬರೂ ಒಬ್ಬರೊಳಗೊಬ್ಬರು ತೂರಿಹೋಗದಂತೆ ತಡೆಯಲು ಬೇರೆಯೇ ಒಂದು ಆಯತವಿರುತ್ತದೆ, ಅದಕ್ಕೆ ಪುಶ್‌ಬಾಕ್ಸ್ ಎನ್ನುತ್ತಾರೆ. ಪೆಟ್ಟಿನ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಎರಡು ಆಯತಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ನೋಡಲು ನಾಲ್ಕು ಹೋಲಿಕೆಗಳು ಸಾಕು:

```
a.left < b.right && a.right > b.left &&
a.top < b.bottom && a.bottom > b.top
```

ನಾಲ್ಕೂ ನಿಜವಾದರೆ ತಾಗಿದೆ, ಒಂದು ಸುಳ್ಳಾದರೂ ತಾಗಿಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಆರ್ಕೇಡ್ ಯಂತ್ರಗಳಿಗಾಗಿ ಹೊರತಂದ ಸ್ಟ್ರೀಟ್ ಫೈಟರ್ 2 ಆಟಕ್ಕೆ ಈ ಸರಳತೆ ಅನಿವಾರ್ಯವಾಗಿತ್ತು. ಮೋಟೊರೋಲಾ 68000 ಪ್ರೊಸೆಸರ್‌ನ ಮೇಲೆ ಓಡುತ್ತಿದ್ದ ಆ ಯಂತ್ರ ಸೆಕೆಂಡಿಗೆ ಸುಮಾರು 60 ಸಲ ಹೊಸ ಚಿತ್ರ ತೋರಿಸಬೇಕಿತ್ತು. ಇಂಥ ಒಂದೊಂದು ಚಿತ್ರವೇ ಒಂದೊಂದು ಫ್ರೇಮ್. ಎಲ್ಲ ಲೆಕ್ಕ ಮುಗಿಸಲು ಫ್ರೇಮ್ ಒಂದಕ್ಕೆ ಸಿಗುತ್ತಿದ್ದದ್ದು ಸೆಕೆಂಡಿನ ಅರವತ್ತನೇ ಒಂದು ಭಾಗ ಮಾತ್ರ. ಎರಡು ಚಿತ್ರಗಳ ಪಿಕ್ಸೆಲ್‌ಗಳನ್ನು ಒಂದೊಂದಾಗಿ ಹೋಲಿಸುತ್ತಾ ಕೂರಲು ಅಲ್ಲಿ ಪುರಸೊತ್ತಿರಲಿಲ್ಲ.

ಇದನ್ನು ಕೇಳಿದವರು ಆಯತಗಳನ್ನು ಹಳೆಯ ಯಂತ್ರಗಳ ಬಡತನದ ಉಳಿಕೆ ಎಂದು ತಿಳಿಯುವುದುಂಟು. ಅದು ತಪ್ಪು ತಿಳಿವಳಿಕೆ. ಇಂದಿನ ಯಂತ್ರಗಳಿಗೆ ಪಿಕ್ಸೆಲ್ ಹೋಲಿಕೆ ಏನೇನೂ ಕಷ್ಟವಲ್ಲ. ಆದರೂ ಹೊಡೆದಾಟದ ಆಟಗಳನ್ನು ಕಟ್ಟುವವರು ಆಯತಗಳನ್ನು ಬಿಟ್ಟಿಲ್ಲ. ಚಿತ್ರಕ್ಕೂ ಆಯತಕ್ಕೂ ನಡುವೆ ಇರುವ ಅಂತರವೇ ಆಟದ ನ್ಯಾಯವನ್ನೂ ತೂಕವನ್ನೂ ಹೊತ್ತಿದೆ. ಅದು ಹೇಗೆಂದು ತಿಳಿಯಲು ಒಂದೇ ಒಂದು ಒದೆಯನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ ನೋಡಬೇಕು.

ಯಾವುದೇ ಹೊಡೆತಕ್ಕೆ ಮೂರು ಹಂತಗಳಿರುತ್ತವೆ. ಮೊದಲನೆಯದು ಸ್ಟಾರ್ಟ್‌ಅಪ್: ಗುಂಡಿ ಒತ್ತಿಯಾಗಿದೆ, ಕಾಲು ಏಳುತ್ತಿದೆ, ಆದರೆ ಹಿಟ್‌ಬಾಕ್ಸ್ ಇನ್ನೂ ಹುಟ್ಟಿಲ್ಲ. ಎರಡನೆಯದು ಆಕ್ಟಿವ್: ಹಿಟ್‌ಬಾಕ್ಸ್ ಜೀವಂತವಾಗಿರುವ ಕೆಲವೇ ಫ್ರೇಮ್‌ಗಳು. ಮೂರನೆಯದು ರಿಕವರಿ: ಹಿಟ್‌ಬಾಕ್ಸ್ ಹೋಗಿದೆ, ಕಾಲು ಮಾತ್ರ ಇನ್ನೂ ಹಿಂದಕ್ಕೆ ಬರುತ್ತಿದೆ. ಲೆಕ್ಕದ ಅನುಕೂಲಕ್ಕೆ ಒಂದು ಕಲ್ಪಿತ ಒದೆಯನ್ನು ತೆಗೆದುಕೊಳ್ಳಬಹುದು. ಸ್ಟಾರ್ಟ್‌ಅಪ್ 4 ಫ್ರೇಮ್, ಆಕ್ಟಿವ್ 3, ರಿಕವರಿ 10. ಒಟ್ಟು 17 ಫ್ರೇಮ್, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಒದೆಯುವ ಪಾತ್ರ ಪರದೆಯಲ್ಲಿ ಎಡದಿಂದ 100ನೇ ಪಿಕ್ಸೆಲ್‌ನಲ್ಲಿ ಬಲಕ್ಕೆ ಮುಖಮಾಡಿ ನಿಂತಿದೆ ಎಂದುಕೊಳ್ಳೋಣ. ಅದರ ಮೈಯ ಹರ್ಟ್‌ಬಾಕ್ಸ್ 84ರಿಂದ 116ರವರೆಗೆ ಇದೆ. ಒದೆಯ ಹಿಟ್‌ಬಾಕ್ಸ್ 118ರಿಂದ 160ರವರೆಗೆ ಚಾಚುತ್ತದೆ. ಚಾಚಿದ ಕಾಲಿಗೂ ಒಂದು ಹರ್ಟ್‌ಬಾಕ್ಸ್ ಇದೆ, ಅದು ಒದೆಯ ಮೊದಲ ಫ್ರೇಮ್‌ನಿಂದ ಕೊನೆಯ ಫ್ರೇಮ್‌ವರೆಗೂ ಇದ್ದು 150ರವರೆಗೆ ಹೋಗುತ್ತದೆ. ಚಿತ್ರದಲ್ಲಿ ಕಾಲಿನ ತುದಿ ಇರುವುದು 156ರಲ್ಲಿ. ಎದುರಾಳಿ 174ರಲ್ಲಿ ನಿಂತಿದ್ದಾನೆ. ಅವನ ಹರ್ಟ್‌ಬಾಕ್ಸ್ 158ರಿಂದ ಶುರು, ಅವನ ಮೈಯ ಚಿತ್ರ ಶುರುವಾಗುವುದು 162ರಿಂದ.

ಐದನೇ ಫ್ರೇಮ್‌ನಲ್ಲಿ ಹಿಟ್‌ಬಾಕ್ಸ್ ಹುಟ್ಟುತ್ತದೆ. ಅದು 160ರವರೆಗೆ ಬಂದಿದೆ, ಎದುರಾಳಿಯ ಹರ್ಟ್‌ಬಾಕ್ಸ್ 158ರಿಂದಲೇ ಇದೆ. ಎರಡು ಪಿಕ್ಸೆಲ್ ಅತಿಕ್ರಮಣವಾಯಿತು, ಏಟು ಬಿತ್ತು. ಚಿತ್ರದಲ್ಲಿ ಮಾತ್ರ ಕಾಲಿನ ತುದಿಗೂ ಮೈಗೂ ಆರು ಪಿಕ್ಸೆಲ್ ಖಾಲಿ ಜಾಗವಿದೆ! ಆಡುವವರು ಇದನ್ನು ಗಮನಿಸುವುದೇ ಅಪರೂಪ. ಏಟು ಬಿದ್ದ ತಕ್ಷಣ ಆ ಖಾಲಿ ಜಾಗದ ಮೇಲೆಯೇ ಒಂದು ಕಿಡಿಯ ಚಿತ್ರ ಸಿಡಿಯುತ್ತದೆ, ಎದುರಾಳಿ ಮೈ ಬಾಗಿಸಿ ನೋವಿನ ಭಂಗಿಗೆ ತಿರುಗುತ್ತಾನೆ, ಇಬ್ಬರೂ ಕೆಲವು ಫ್ರೇಮ್‌ಗಳ ಕಾಲ ಇದ್ದಲ್ಲೇ ಸ್ತಬ್ಧರಾಗುತ್ತಾರೆ. ಸದ್ದು, ಕಿಡಿ, ಸ್ತಬ್ಧತೆ ಮೂರೂ ಕೂಡಿ ಕಾಲು ತಗುಲಿತೆಂದು ಕಣ್ಣನ್ನು ನಂಬಿಸಿಬಿಡುತ್ತವೆ.

ಈಗ ಎದುರಾಳಿ ನಾಲ್ಕು ಪಿಕ್ಸೆಲ್ ಹಿಂದೆ, 178ರಲ್ಲಿ ಇದ್ದಾನೆ ಎಂದುಕೊಂಡರೆ ಕಥೆಯೇ ಬೇರೆ. ಅವನ ಹರ್ಟ್‌ಬಾಕ್ಸ್ 162ಕ್ಕೆ ಸರಿಯಿತು, ಒದೆ 160ಕ್ಕೇ ನಿಂತಿತು, ಏಟು ತಪ್ಪಿತು. ಎಂಟನೇ ಫ್ರೇಮ್‌ನಿಂದ ಒದೆದವನ ರಿಕವರಿ ಶುರು. ಅವನ ಕಾಲು ಇನ್ನು ಯಾರಿಗೂ ಏಟು ಕೊಡಲಾರದು, ಆದರೆ 150ರವರೆಗೆ ಚಾಚಿದ ಹರ್ಟ್‌ಬಾಕ್ಸ್ ಹಾಗೇ ಉಳಿದಿದೆ. ಎದುರಾಳಿಯ ಬಳಿಯೂ ಇದೇ ಅಳತೆಯ ಒದೆ ಇದ್ದು, ಅವನು ಆ ಹೊತ್ತಿಗೆ ಗುಂಡಿ ಒತ್ತಿದರೆ ಹನ್ನೆರಡನೇ ಫ್ರೇಮ್‌ನಲ್ಲಿ ಅವನ ಹಿಟ್‌ಬಾಕ್ಸ್ 160ರಿಂದ ಎಡಕ್ಕೆ 118ರವರೆಗೆ ಬರುತ್ತದೆ. ಮೊದಲಿನವನ ಮೈ ಇರುವುದು 116ರವರೆಗೆ, ಅದಕ್ಕೆ ತಾಗುವುದಿಲ್ಲ. ಆದರೆ ಚಾಚಿದ ಕಾಲಿಗೆ ತಾಗುತ್ತದೆ. ತಪ್ಪಿದ ಹೊಡೆತಕ್ಕೆ ಹೀಗೆ ದಂಡ ವಿಧಿಸುವುದನ್ನು ಆಟಗಾರರು ವಿಫ್ ಪನಿಶ್ ಎನ್ನುತ್ತಾರೆ. ಇಷ್ಟು ಕಡಿಮೆ ಫ್ರೇಮ್‌ಗಳಲ್ಲಿ ಕಣ್ಣಿಂದ ನೋಡಿ ಬೆರಳಿಂದ ಒತ್ತುವುದು ಮನುಷ್ಯನಿಂದಾಗದ ಮಾತು, ಹಾಗಾಗಿ ಇಂಥ ಚಿಕ್ಕ ಒದೆಗಳ ವಿಷಯದಲ್ಲಿ ಎದುರಾಳಿ ಮೊದಲೇ ಊಹಿಸಿ ಒತ್ತಬೇಕಾಗುತ್ತದೆ. ಊಹೆ ಸ್ವಲ್ಪ ಮುಂಚೆಯಾದರೂ ಕೆಟ್ಟಿತು. ಅವನು ಮೂರನೇ ಫ್ರೇಮ್‌ನಲ್ಲೇ ಒತ್ತಿದ್ದರೆ ಅವನ ಕಾಲಿನ ಹರ್ಟ್‌ಬಾಕ್ಸ್ 128ರವರೆಗೆ ಮುಂದೆ ಬಂದಿರುತ್ತಿತ್ತು, ಐದನೇ ಫ್ರೇಮ್‌ನಲ್ಲಿ ಮೊದಲಿನವನ ಹಿಟ್‌ಬಾಕ್ಸ್ ಅದರ ಮೇಲೇ ಬೀಳುತ್ತಿತ್ತು. ತಪ್ಪಬಹುದಾಗಿದ್ದ ಏಟನ್ನು ತಾನೇ ಕಾಲು ಚಾಚಿ ತೆಗೆದುಕೊಂಡಂತಾಗುತ್ತಿತ್ತು.

ಹೊಡೆತ ಬಲವಾದದ್ದೋ ದುರ್ಬಲವೋ ಎಂಬುದು ಬಹುಮಟ್ಟಿಗೆ ಈ ಎರಡು ತುದಿಗಳ ನಡುವಿನ ಅಂತರದಲ್ಲಿದೆ. ಮೇಲಿನ ಒದೆಯಲ್ಲಿ ಹಿಟ್‌ಬಾಕ್ಸ್ 160ರವರೆಗೆ, ಹರ್ಟ್‌ಬಾಕ್ಸ್ 150ರವರೆಗೆ. ಹತ್ತು ಪಿಕ್ಸೆಲ್‌ನಷ್ಟು ಜಾಗದಲ್ಲಿ ಅದು ಪೆಟ್ಟು ಕೊಡುತ್ತದೆ, ತಿನ್ನುವುದಿಲ್ಲ. ಹರ್ಟ್‌ಬಾಕ್ಸನ್ನು 130ಕ್ಕೆ ಇಳಿಸಿದರೆ ಅದೇ ಒದೆ ಎದುರಿಸಲಾಗದಷ್ಟು ಗಟ್ಟಿಯಾಗುತ್ತದೆ, 165ಕ್ಕೆ ಏರಿಸಿದರೆ ಬಳಸಲು ಹೆದರುವಂತಾಗುತ್ತದೆ. ಎರಡೂ ಸಂದರ್ಭದಲ್ಲಿ ಚಿತ್ರದ ಒಂದು ಗೆರೆಯೂ ಬದಲಾಗಿರುವುದಿಲ್ಲ. ಆಟ ಬಿಡುಗಡೆಯಾದ ಮೇಲೆ ಒಂದು ಪಾತ್ರ ವಿಪರೀತ ಬಲಶಾಲಿಯಾಯಿತೆಂದು ಕಂಡರೆ ತಯಾರಕರು ಸಂಖ್ಯೆಗಳನ್ನು ತಿದ್ದುತ್ತಾರೆ, ಕಲಾವಿದರನ್ನು ಕರೆಯಬೇಕಾಗಿಲ್ಲ. ಚಿತ್ರವೇ ಆಯತವಾಗಿದ್ದರೆ ಪ್ರತಿ ತಿದ್ದುಪಡಿಗೂ ಹೊಸದಾಗಿ ಚಿತ್ರ ಬಿಡಿಸಬೇಕಿತ್ತು.

ಸ್ಟ್ರೀಟ್ ಫೈಟರ್ 2ರಲ್ಲಿ ಭಾರತದವನೆಂದು ತೋರಿಸಿರುವ ಧಾಲ್ಸಿಮ್ ಎಂಬ ಯೋಗಿಯ ಪಾತ್ರ ಈ ತೂಕಕ್ಕೆ ಒಳ್ಳೆಯ ಸಾಕ್ಷಿ. ಅವನ ಕೈಕಾಲುಗಳು ರಬ್ಬರಿನಂತೆ ಉದ್ದವಾಗಿ ಪರದೆಯ ಬಹುಭಾಗವನ್ನು ದಾಟಿ ಹೋಗುತ್ತವೆ. ದೂರದಿಂದಲೇ ಹೊಡೆಯಬಲ್ಲ ಇಂಥ ಪಾತ್ರವನ್ನು ಸೋಲಿಸುವುದು ಹೇಗೆ? ಚಾಚಿದ ಕೈಯ ಮೇಲೂ ಹರ್ಟ್‌ಬಾಕ್ಸ್ ಇಟ್ಟಿರುವುದೇ ಉತ್ತರ. ಅವನ ಮೈಯಿಂದ ದೂರದಲ್ಲಿ ನಿಂತವರು ಆ ಕೈಗೇ ಹೊಡೆದು ಅವನಿಗೆ ಪೆಟ್ಟು ಕೊಡಬಹುದು. ಉದ್ದದ ಲಾಭಕ್ಕೆ ಅವನು ಉದ್ದದ ಅಪಾಯವನ್ನೇ ತೆರಬೇಕು. ಇದಕ್ಕೆ ವಿರುದ್ಧದ ತುದಿಯಲ್ಲಿದೆ ಅದೇ ಆಟದ ರ್‍ಯು ಎಂಬ ಪಾತ್ರದ ಶೋರ್‍ಯುಕೆನ್, ಅಂದರೆ ನೆಲದಿಂದ ಚಿಮ್ಮಿ ಮೇಲಕ್ಕೆ ಗುದ್ದುವ ಹೊಡೆತ. ಅದರ ಆರಂಭದ ಫ್ರೇಮ್‌ಗಳಲ್ಲಿ ಏಟು ಬೀಳದ ರಕ್ಷಣೆ ಇದೆ. ಪರದೆಯಲ್ಲಿ ರ್‍ಯು ಪೂರ್ತಿಯಾಗಿ ಕಾಣುತ್ತಿರುತ್ತಾನೆ, ಹಾರಿ ಬಂದವನ ಕಾಲು ಅವನ ಎದೆಯ ಮೇಲೇ ಇರುತ್ತದೆ, ಆದರೂ ಏಟು ಬೀಳುವುದು ಹಾರಿ ಬಂದವನಿಗೆ. ಇಲ್ಲಿ ಚಿತ್ರ ಮತ್ತು ಲೆಕ್ಕದ ನಡುವಿನ ಅಂತರ ಕೆಲವು ಪಿಕ್ಸೆಲ್‌ಗಳದ್ದಲ್ಲ, ಇಡೀ ಮೈಯದ್ದು.

ಅಂತರಕ್ಕೆ ಇನ್ನೊಂದು ಕಾರಣವಿದೆ, ಬಹುಶಃ ಅದೇ ಎಲ್ಲಕ್ಕಿಂತ ಆಳವಾದದ್ದು. ಪಾತ್ರಗಳು ಎಂದೂ ಸ್ಥಿರವಾಗಿ ನಿಲ್ಲುವುದಿಲ್ಲ. ಸುಮ್ಮನೆ ಇರುವಾಗಲೂ ಉಸಿರಾಡುತ್ತವೆ, ಭುಜ ಏರಿಳಿಯುತ್ತದೆ, ತಲೆಪಟ್ಟಿಯ ತುದಿ ಗಾಳಿಗೆ ಹಾರುತ್ತದೆ, ಜಡೆ ತೂಗುತ್ತದೆ. ಹರ್ಟ್‌ಬಾಕ್ಸ್ ಈ ಚಿತ್ರವನ್ನು ನೂಲೆಳೆಯಷ್ಟೂ ಬಿಡದೆ ಅನುಸರಿಸಿದ್ದರೆ, ಅದೇ ದೂರದಿಂದ ಅದೇ ಒದೆ ಒಮ್ಮೆ ತಗುಲಿ ಇನ್ನೊಮ್ಮೆ ತಪ್ಪುತ್ತಿತ್ತು. ಕಾರಣ ಎದುರಾಳಿ ಆಗ ಉಸಿರು ಎಳೆದುಕೊಂಡಿದ್ದನೋ ಬಿಟ್ಟಿದ್ದನೋ ಎಂಬುದಷ್ಟೇ! ಆಟಗಾರ ನೂರಾರು ಸಲ ಅಭ್ಯಾಸ ಮಾಡಿ ದೂರದ ಅಂದಾಜು ಕಲಿಯುವುದಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಉದ್ದ ಜಡೆಯ ಪಾತ್ರವನ್ನು ಆಯ್ದವರು ಸುಮ್ಮನೆ ಸೋಲುತ್ತಿದ್ದರು. ಚಿತ್ರ ಚಲಿಸಿದರೂ ಅಲುಗದ ಒರಟು ಆಯತ ಈ ತೊಂದರೆಯನ್ನು ಬೇರಿನಲ್ಲೇ ಕತ್ತರಿಸುತ್ತದೆ. ಹೀಗಾಗಿ ಒಳ್ಳೆಯ ಕಲಾವಿದರಿಗೆ ಸ್ವಾತಂತ್ರ್ಯವೂ ಸಿಗುತ್ತದೆ. ವೇಗ ತೋರಿಸಲು ಕಾಲನ್ನು ಒಂದೆರಡು ಫ್ರೇಮ್ ವಿಪರೀತ ಉದ್ದಕ್ಕೆ ಎಳೆದು ಬಿಡಿಸಬಹುದು, ಕತ್ತಿಯ ಹಿಂದೆ ಬೆಳಕಿನ ಬಾಲ ಹರಿಸಬಹುದು. ಅವು ಯಾರ ಗೆಲುವನ್ನೂ ಕದಿಯುವುದಿಲ್ಲ.

ಎದುರಾಳಿ ಮನುಷ್ಯನಲ್ಲದ ಆಟಗಳಲ್ಲಿ ಇಬ್ಬರ ನಡುವೆ ತೂಕ ಸರಿಯಿರಬೇಕೆಂಬ ಕಟ್ಟು ಇಲ್ಲ. ಅಲ್ಲಿ ಆಯತಗಳು ಆಟಗಾರನ ಕಡೆಗೆ ಬಾಗುತ್ತವೆ. 2018ರ ಸೆಲೆಸ್ಟ್ ಎಂಬ ಬೆಟ್ಟ ಹತ್ತುವ ಆಟದಲ್ಲಿ ಇದನ್ನು ಅಳೆದು ನೋಡಬಹುದು, ಏಕೆಂದರೆ ನಾಯಕಿ ಮ್ಯಾಡೆಲಿನ್‌ಳನ್ನು ನಡೆಸುವ ಕೋಡನ್ನು ತಯಾರಕರೇ ಬಹಿರಂಗಪಡಿಸಿದ್ದಾರೆ. ಆಟದ ಪರದೆ 320ಕ್ಕೆ 180 ಪಿಕ್ಸೆಲ್‌ನದು. ನೆಲ, ಗೋಡೆಗಳ ಜೊತೆ ಡಿಕ್ಕಿಯ ಲೆಕ್ಕ ಹಾಕುವ ಅವಳ ಆಯತ 8 ಪಿಕ್ಸೆಲ್ ಅಗಲ, 11 ಪಿಕ್ಸೆಲ್ ಎತ್ತರ. ಅಪಾಯದ ಲೆಕ್ಕಕ್ಕೆ ಬಳಸುವ ಹರ್ಟ್‌ಬಾಕ್ಸ್ ಅಷ್ಟೇ ಅಗಲವಿದ್ದರೂ ಎತ್ತರ 9 ಮಾತ್ರ. ಎರಡರ ಮೇಲಂಚೂ ಒಂದೇ ಕಡೆ ಇದೆ, ಕಡಿಮೆಯಾಗಿರುವುದು ಪಾದದ ಬಳಿಯ 2 ಪಿಕ್ಸೆಲ್. ಅವಳ ಪಾದ ಅಪಾಯದ ವಸ್ತುವಿನ ಅಂಚನ್ನು ಸವರಿಕೊಂಡು ಹೋದರೂ ಸಾವು ಬರುವುದಿಲ್ಲ. ಆಟದುದ್ದಕ್ಕೂ ಬಣ್ಣ ಬದಲಾಯಿಸುತ್ತಾ ಹಿಂದೆ ಹಾರುವ ಅವಳ ಕೂದಲು ಯಾವ ಆಯತದ ಒಳಗೂ ಬರುವುದಿಲ್ಲ. ಎರಡು ಪಿಕ್ಸೆಲ್ ಎಂದರೆ ಅಲ್ಪವೆನಿಸಬಹುದು, ಆದರೆ ಮೈ ಎತ್ತರವೇ ಹನ್ನೊಂದು ಇರುವಾಗ ಅದು ಸುಮಾರು ಐದರಲ್ಲಿ ಒಂದು ಪಾಲು. ತೀರ ಕಷ್ಟದ ಆಟವೊಂದು ಅನ್ಯಾಯದ ಆಟವೆನಿಸದಿರಲು ಇಂಥ ಸಣ್ಣ ರಿಯಾಯಿತಿಗಳು ದೊಡ್ಡ ಕೆಲಸ ಮಾಡುತ್ತವೆ.

ಗುಂಡುಗಳ ಮಳೆ ಸುರಿಯುವ ಜಪಾನಿನ ಶೂಟಿಂಗ್ ಆಟಗಳಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ. ಟೋಹೋ ಸರಣಿಯ ಹಲವು ಆಟಗಳಲ್ಲಿ ಹಾರುವ ಹುಡುಗಿಯ ಚಿತ್ರ ಸಾಕಷ್ಟು ದೊಡ್ಡದು, ಆದರೆ ಗುಂಡು ತಗುಲಬಲ್ಲ ಜಾಗ ಅವಳ ಮೈಯ ನಡುವಿನ ಒಂದು ಚುಕ್ಕೆ. ನಿಧಾನವಾಗಿ ಚಲಿಸುವ ಗುಂಡಿಯನ್ನು ಹಿಡಿದಾಗ ಆ ಚುಕ್ಕೆ ಪರದೆಯ ಮೇಲೆ ಮೂಡುತ್ತದೆ. ಗುಂಡು ಅವಳ ತೋಳಿನ ಮೂಲಕ, ಲಂಗದ ಮೂಲಕ ಹಾಯ್ದುಹೋಗುತ್ತದೆ, ಏನೂ ಆಗುವುದಿಲ್ಲ. ಮೈಯೆಲ್ಲ ಲೆಕ್ಕಕ್ಕೆ ಬಂದಿದ್ದರೆ ಅಂಥ ಗುಂಡಿನ ಜಾಲದಲ್ಲಿ ನುಸುಳಲು ದಾರಿಯೇ ಇರುತ್ತಿರಲಿಲ್ಲ.

ಮೂರು ಆಯಾಮದ ಆಟಗಳಲ್ಲಿ ಆಯತಗಳ ಜಾಗಕ್ಕೆ ಗೋಳಗಳು ಮತ್ತು ಮಾತ್ರೆಯಾಕಾರದ ಕ್ಯಾಪ್ಸೂಲ್‌ಗಳು ಬಂದಿವೆ. ಪಾತ್ರದ ಒಳಗೆ ಚಲನೆಗಾಗಿ ಒಂದು ಎಲುಬಿನ ಗೂಡನ್ನು ಕಟ್ಟಿರುತ್ತಾರೆ, ತೋಳಿನ ಎಲುಬಿಗೆ ಒಂದು ಕ್ಯಾಪ್ಸೂಲ್, ತೊಡೆಗೆ ಇನ್ನೊಂದು, ತಲೆಗೆ ಒಂದು ಗೋಳ ಎಂದು ಅಂಟಿಸುತ್ತಾರೆ. ನಿಂಟೆಂಡೊ ಗೇಮ್‌ಕ್ಯೂಬ್‌ಗಾಗಿ 2001ರಲ್ಲಿ ಬಂದ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೇಲೇ ಇದಕ್ಕೆ ಚೆನ್ನಾಗಿ ಪರಿಶೀಲಿಸಲ್ಪಟ್ಟ ಉದಾಹರಣೆ. ಅದರಲ್ಲಿ ಮಾರ್ಥ್ ಎಂಬ ಕತ್ತಿವರಸೆಯ ಪಾತ್ರವಿದೆ. ಬೀಸಿದಾಗ ಕತ್ತಿಯ ಉದ್ದಕ್ಕೂ ಹಿಟ್‌ಬಾಕ್ಸ್ ಗೋಳಗಳು ಸಾಲಾಗಿ ನಿಲ್ಲುತ್ತವೆ. ಆದರೆ ಕತ್ತಿಗೆ ಹರ್ಟ್‌ಬಾಕ್ಸ್ ಇಲ್ಲ, ಲೋಹಕ್ಕೆ ನೋವಾಗುವುದಿಲ್ಲವಲ್ಲ. ಮುಷ್ಟಿಯಿಂದ ಗುದ್ದುವವರು ಹೊಡೆಯಲು ಕೈಯನ್ನು ಅಪಾಯಕ್ಕೆ ಒಡ್ಡಬೇಕು, ಮಾರ್ಥ್‌ಗೆ ಆ ಚಿಂತೆ ಕಡಿಮೆ. ಜೊತೆಗೆ ತುದಿಯ ಗೋಳಕ್ಕೆ ಹೆಚ್ಚು ಬಲ, ಹಿಡಿಯ ಬಳಿಯವಕ್ಕೆ ಕಡಿಮೆ. ಹಾಗಾಗಿ ಮಾರ್ಥ್ ಆಡುವವರು ಎದುರಾಳಿಯನ್ನು ಸರಿಯಾಗಿ ಕತ್ತಿಯ ತುದಿಯಷ್ಟೇ ದೂರದಲ್ಲಿ ಇರಿಸಿಕೊಳ್ಳಲು ಇಡೀ ಪಂದ್ಯ ಹೆಣಗುತ್ತಾರೆ. ಚಿತ್ರದಲ್ಲಿ ಕತ್ತಿಯ ತುದಿಗೂ ಬುಡಕ್ಕೂ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ.

ಬೀಸುವ ಕತ್ತಿಯಲ್ಲಿ ಒಂದು ತಾಂತ್ರಿಕ ಹಳ್ಳವೂ ಇದೆ. ಒಂದು ಫ್ರೇಮ್‌ನಲ್ಲಿ ತುದಿ ಎದುರಾಳಿಯ ಎಡಕ್ಕಿದ್ದು ಮುಂದಿನ ಫ್ರೇಮ್‌ನಲ್ಲಿ ಬಲಕ್ಕೆ ಹೋಗಿರಬಹುದು. ಕಂಪ್ಯೂಟರ್ ಆ ಎರಡು ಕ್ಷಣಗಳನ್ನಷ್ಟೇ ನೋಡುವುದರಿಂದ ಕತ್ತಿ ಮೈಯ ಮೂಲಕ ಹಾದುಹೋದರೂ ಏಟು ದಾಖಲಾಗುವುದಿಲ್ಲ. ಇದನ್ನು ತಡೆಯಲು ಮೇಲೇ ಆಟದಲ್ಲಿ ಹಿಂದಿನ ಫ್ರೇಮ್‌ನ ಗೋಳದಿಂದ ಈಗಿನ ಗೋಳದವರೆಗೆ ನಡುವಿನ ಜಾಗವನ್ನೆಲ್ಲ ಹಿಟ್‌ಬಾಕ್ಸ್ ಎಂದೇ ಎಣಿಸುತ್ತಾರೆ. ಅಂದರೆ ಕತ್ತಿ ಈಗ ಇಲ್ಲದ ಜಾಗದಲ್ಲೂ ಏಟು ಬೀಳುತ್ತದೆ. ಚಿತ್ರಕ್ಕೆ ಮೋಸವೆನಿಸಿದರೂ ಚಲನೆಗೆ ಇದೇ ನಿಷ್ಠೆ.

ಅಂತರವೆಲ್ಲವೂ ಹೀಗೆ ಉದ್ದೇಶಪೂರ್ವಕವೂ ಅಲ್ಲ, ಸಮರ್ಥನೀಯವೂ ಅಲ್ಲ. ಕ್ಯಾಪ್‌ಕಾಮ್‌ನದೇ ಮಾನ್ಸ್ಟರ್ ಹಂಟರ್ ಸರಣಿಯ ಮೊದಮೊದಲ ಆಟಗಳಲ್ಲಿ ಪ್ಲೇಸಿಯೋತ್ ಎಂಬ ಮೀನಿನಂಥ ದೈತ್ಯ ಪ್ರಾಣಿ ಸೊಂಟದಿಂದ ಗುದ್ದುವ ಹೊಡೆತ ಆಟಗಾರರ ನಡುವೆ ಕುಖ್ಯಾತವಾಗಿದೆ. ಪ್ರಾಣಿಯ ಮೈಯಿಂದ ಸಾಕಷ್ಟು ಆಚೆ ನಿಂತಂತೆ ಕಾಣುವ ಬೇಟೆಗಾರನೂ ಹಾರಿ ಬೀಳುತ್ತಿದ್ದ. ಮೇಲಿನ ಕಲ್ಪಿತ ಒದೆಯ ಆರು ಪಿಕ್ಸೆಲ್ ಅಂತರ ಕಿಡಿಯ ಹಿಂದೆ ಅಡಗುತ್ತದೆ, ಇಲ್ಲಿ ಅಡಗಲು ಏನೂ ಇರಲಿಲ್ಲ. ಆಟಗಾರ ತನ್ನ ತಪ್ಪಿನಿಂದ ಕಲಿಯಬೇಕಾದರೆ ತಪ್ಪು ಎಲ್ಲಿ ನಡೆಯಿತೆಂದು ಕಾಣಬೇಕು. ಅದು ಕಾಣದಷ್ಟು ಅಂತರ ಬೆಳೆದಾಗ ಆಯತ ಕೆಟ್ಟದೆಂದೇ ಹೇಳಬೇಕಾಗುತ್ತದೆ. ಮೂರು ಆಯಾಮದಲ್ಲಿ ಇದನ್ನು ಅಳೆಯುವುದು ಸುಲಭವಲ್ಲ. ಕ್ಯಾಮೆರಾ ಒಂದು ಕೋನದಿಂದ ನೋಡುವಾಗ ಒಂದರ ಮೇಲೊಂದು ಬಿದ್ದಂತೆ ಕಾಣುವ ಎರಡು ವಸ್ತುಗಳು ಆಳದಲ್ಲಿ ಬಹಳ ದೂರ ಇರಬಹುದು, ದೂರವಿದ್ದಂತೆ ಕಾಣುವವು ತಾಗಿಯೂ ಇರಬಹುದು.

ಸಂದೇಹ ಬಂದಾಗ ಪರೀಕ್ಷಿಸುವ ದಾರಿಗಳಿವೆ. 2012ರಲ್ಲಿ ಬಂದ ಸ್ಕಲ್‌ಗರ್ಲ್ಸ್‌ನಂಥ ಆಟಗಳ ಅಭ್ಯಾಸ ವಿಭಾಗದಲ್ಲಿ ಆಯತಗಳನ್ನು ಪರದೆಯ ಮೇಲೆಯೇ ತೋರಿಸುವ ಏರ್ಪಾಡಿದೆ. ಹಿಟ್‌ಬಾಕ್ಸ್‌ಗೊಂದು ಬಣ್ಣ, ಹರ್ಟ್‌ಬಾಕ್ಸ್‌ಗೊಂದು ಬಣ್ಣ. ಒಂದೊಂದೇ ಹೊಡೆತವನ್ನು ಹಾಕಿ ಯಾವ ತುದಿ ಎಲ್ಲಿಯವರೆಗೆ ಹೋಗುತ್ತದೆಂದು ನೋಡಿ ಕಲಿಯಬಹುದು. ಅಂಥ ಅನುಕೂಲ ಇಲ್ಲದ ಕಡೆ ಆಟವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ವಿಡಿಯೊ ಮಾಡಿ ಒಂದೊಂದೇ ಫ್ರೇಮ್ ಸರಿಸಬೇಕು. ಏಟು ಬಿದ್ದ ಫ್ರೇಮ್‌ನಲ್ಲಿ ಎದುರಾಳಿ ಹೊಡೆತ ಹಾಕಲು ಕೈಕಾಲು ಮುಂದೆ ತಂದಿದ್ದನೇ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು. ನಿಂತವನಿಗೆ ತಗುಲದ ಒದೆ ಕಾಲು ಚಾಚಿದವನಿಗೆ ತಗುಲುವುದು ಸಹಜ, ಮತ್ತು ದೂರುಗಳಲ್ಲಿ ಹಲವು ಇಲ್ಲಿಗೇ ಮುಗಿಯುತ್ತವೆ.

ಇಂಟರ್ನೆಟ್ ಮೂಲಕ ಆಡುವಾಗ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಡಾರ್ಕ್ ಸೋಲ್ಸ್ ಸರಣಿಯಲ್ಲಿ ಆಟಗಾರರು ಪರಸ್ಪರ ಕಾದಾಡುವಾಗ ಏಟು ಬಿತ್ತೇ ಎಂಬ ತೀರ್ಮಾನ ಹೊಡೆಯುವವನ ಯಂತ್ರದಲ್ಲಿ ಆಗುತ್ತದೆ. ತಪ್ಪಿಸಿಕೊಂಡವನ ಹೊಸ ಜಾಗದ ಸುದ್ದಿ ಅಲ್ಲಿಗೆ ತಲುಪುವಷ್ಟರಲ್ಲಿ ಸ್ವಲ್ಪ ತಡವಾಗಿರುತ್ತದೆ. ಹೊಡೆದವನ ಪರದೆಯಲ್ಲಿ ಕತ್ತಿ ಎದೆಗೇ ಇಳಿದಿದೆ, ತಿಂದವನ ಪರದೆಯಲ್ಲಿ ಎರಡು ಹೆಜ್ಜೆ ದೂರ ಗಾಳಿಯನ್ನು ಸೀಳಿದೆ. ಎರಡೂ ಯಂತ್ರಗಳಲ್ಲಿ ಹಿಟ್‌ಬಾಕ್ಸ್, ಹರ್ಟ್‌ಬಾಕ್ಸ್‌ಗಳ ಅಳತೆ ಒಂದೇ ಇರುತ್ತದೆ, ಬೇರೆಯಾಗಿರುವುದು ಪಾತ್ರಗಳು ನಿಂತ ಜಾಗ. ಅದೇ ಹೊಡೆತವನ್ನು ನೆಟ್‌ವರ್ಕ್ ಇಲ್ಲದೆ ಒಂದೇ ಯಂತ್ರದಲ್ಲಿ ಪರೀಕ್ಷಿಸಿದಾಗ ಅಂತರ ಮಾಯವಾದರೆ ಕಾರಣ ಸಂಪರ್ಕದ ವಿಳಂಬ, ಅಲ್ಲಿಯೂ ಉಳಿದರೆ ಆಗ ಆಯತದ್ದೇ ತಪ್ಪು.